“ಎಷ್ಟು ಕ್ಲೈಂಟ್ ನಿಮ್ಮ ಜೊತೆ ಬರ್ತಾರೆ ಮೇಡಂ?”

ಮಂಗಳವಾರ ಮಧ್ಯಾಹ್ನ ಊಟದ ಡಬ್ಬಿ ಹಾಗೇ ಬಿಟ್ಟು ಆಫೀಸಿನ ಟೆರೇಸಿಗೆ ಹೋಗಿ ರಿಕ್ರೂಟರ್‌ಗೆ ಫೋನ್ ಮಾಡಿದೆ. ಆಫರ್ ಬಂದಿರುವುದು ನಮ್ಮ ನೇರ ಪ್ರತಿಸ್ಪರ್ಧಿ ಕಂಪನಿಯಿಂದ. ಇಬ್ಬರೂ ಫ್ಯಾಕ್ಟರಿಗಳಿಗೆ ಸಂಬಳ ಲೆಕ್ಕ ಹಾಕುವ ಸಾಫ್ಟ್‌ವೇರ್ ಮಾರುತ್ತೇವೆ. ಪೀಣ್ಯ, ಬೊಮ್ಮಸಂದ್ರದ ಒಂದೇ ಗೇಟಿನ ಮುಂದೆ ಎಷ್ಟೋ ಸಲ ಎದುರಾಗಿದ್ದೇವೆ.

ನಾನು ಕೇಳಿದ್ದು ಇಷ್ಟೇ. ನನ್ನ ಈಗಿನ ಒಪ್ಪಂದದಲ್ಲಿ ಎರಡು ಕಲಂ ಇವೆ. ಒಂದು, ಕೆಲಸ ಬಿಟ್ಟ ಮೇಲೆ 12 ತಿಂಗಳು ಪ್ರತಿಸ್ಪರ್ಧಿ ಕಂಪನಿ ಸೇರುವ ಹಾಗಿಲ್ಲ. ಇನ್ನೊಂದು, ನಾನು ನೋಡಿಕೊಂಡ ಗ್ರಾಹಕರನ್ನಾಗಲಿ ಇಲ್ಲಿನ ಸಹೋದ್ಯೋಗಿಗಳನ್ನಾಗಲಿ 18 ತಿಂಗಳು ಅತ್ತ ಸೆಳೆಯುವ ಹಾಗಿಲ್ಲ. ಇವು ನನಗೆ ಅಡ್ಡ ಬರುತ್ತವಾ?

“ಅಯ್ಯೋ, ಇಂಡಿಯಾದಲ್ಲಿ ನಾನ್-ಕಂಪೀಟ್ ನಡೆಯಲ್ಲ ಮೇಡಂ, ತಲೆ ಕೆಡಿಸ್ಕೋಬೇಡಿ” ಅಂದರು. ನನಗೂ ಸಮಾಧಾನ ಆಯಿತು. ಅದೇ ಉಸಿರಿನಲ್ಲಿ ಮುಂದಿನ ಮಾತು: “ಅಂದ ಹಾಗೆ, ಎಷ್ಟು ಕ್ಲೈಂಟ್ ನಿಮ್ಮ ಜೊತೆ ಬರ್ತಾರೆ ಮೇಡಂ? ಅಂದಾಜು ಹೇಳಿದ್ರೆ ಸಾಕು. ಅವರ ಸೇಲ್ಸ್ ಹೆಡ್ ಕೇಳ್ತಿದಾರೆ.”

ಆ ಪ್ರಶ್ನೆ ಮೂರು ದಿನದಿಂದ ಕಿವಿಯಲ್ಲೇ ಇದೆ. ಮೊದಲನೇ ಕಲಂ ಲೆಕ್ಕಕ್ಕಿಲ್ಲ ಎಂದವರೇ ಎರಡನೇ ಕಲಂ ಮುರಿಯಲು ನಾನು ಎಷ್ಟು ತಯಾರಿದ್ದೇನೆ ಎಂದು ಕೇಳುತ್ತಿದ್ದಾರೆ, ಅಲ್ವಾ? “ಯೋಚನೆ ಮಾಡಿ ಹೇಳ್ತೀನಿ” ಎಂದು ಫೋನ್ ಇಟ್ಟೆ. ಆಗ ಬಾಯಿಗೆ ಬೇರೆ ಮಾತು ಬರಲಿಲ್ಲ.

ರಿಕ್ರೂಟರ್ ಕೆಟ್ಟವರು ಅಂತ ಹೇಳುತ್ತಿಲ್ಲ. ನಾಲ್ಕು ವರ್ಷದಿಂದ ಪರಿಚಯ, ಮಾತಿಗೆ ತಪ್ಪಿದವರಲ್ಲ. ಆದರೆ ಅವರಿಗೆ ದುಡ್ಡು ಕೊಡುವುದು ಆ ಕಂಪನಿ. ಈ ಲೈನಿನಲ್ಲಿ ಸಾಮಾನ್ಯವಾಗಿ ಅಭ್ಯರ್ಥಿಯ ವರ್ಷದ ಸಂಬಳದ 8.33 ಶೇಕಡಾ ಫೀಸು, ಅಂದರೆ ನನ್ನ ಒಂದು ತಿಂಗಳ ಸಂಬಳ. ನಾನು ಸೇರಿದರೆ ಮಾತ್ರ ಬರುವ ದುಡ್ಡು ಅದು. ಹಾಗಿರುವಾಗ ‘ಏನೂ ಆಗಲ್ಲ’ ಎನ್ನುವುದು ಅವರ ಬಾಯಿಂದ ಸುಲಭವಾಗಿ ಬರುತ್ತದೆ. ಏನಾದರೂ ಆದರೆ ನೋಟಿಸ್ ಬರುವುದು ನನ್ನ ಮನೆಗೆ.

ರಾತ್ರಿ ದೊಡ್ಡಪ್ಪನ ಮಗನಿಗೆ ಫೋನ್ ಮಾಡಿದೆ. ಅಣ್ಣ ಸಿವಿಲ್ ಕೋರ್ಟಿನ ವಕೀಲ. ಒಪ್ಪಂದ ಕಳಿಸು ಎಂದ, ಪೂರ್ತಿ ಓದಿದ, ಆಮೇಲೇ ಮಾತಾಡಿದ. ನನಗೆ ಅವನ ಮೇಲೆ ಗೌರವ ಇರುವುದೇ ಇದಕ್ಕೆ.

ಅವನು ಹೇಳಿದ್ದರಲ್ಲಿ ರಿಕ್ರೂಟರ್ ಮಾತು ಅರ್ಧ ಸರಿ ಇತ್ತು. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಒಬ್ಬರ ಕಾನೂನುಬದ್ಧ ವೃತ್ತಿ ವ್ಯಾಪಾರವನ್ನು ತಡೆಯುವ ಕರಾರು ಆ ಮಟ್ಟಿಗೆ ಅಸಿಂಧು. ಕೆಲಸ ಬಿಟ್ಟ ಮೇಲಿನ ಇಂಥ ತಡೆ ನಿಲ್ಲುವುದಿಲ್ಲ ಎಂದು 1980ರಲ್ಲೇ ಕೃಷನ್ ಮುರ್ಗಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಎ.ಪಿ. ಸೇನ್ ಬರೆದಿದ್ದಾರೆ. “ಆದ್ರೆ ‘ಆ ಮಟ್ಟಿಗೆ’ ಅನ್ನೋದನ್ನ ಮರೀಬೇಡ ಪುಟ್ಟಿ” ಎಂದ. ಒಂದು ಕಲಂ ಬಿದ್ದರೆ ಪೂರ್ತಿ ಒಪ್ಪಂದ ಬೀಳುವುದಿಲ್ಲ. ಗೋಪ್ಯತೆಯ ಕಲಂ ಹಾಗೇ ಉಳಿಯುತ್ತದೆ. ನೋಟಿಸ್ ಅವಧಿಯ 90 ದಿನವೂ ಹಾಗೇ ಉಳಿಯುತ್ತದೆ. ಆ 90 ದಿನ ನಾನು ಇನ್ನೂ ಇಲ್ಲಿನ ಉದ್ಯೋಗಿ. ಆಗ ಅತ್ತ ಕೆಲಸ ಶುರು ಮಾಡಿದರೆ 27ನೇ ಸೆಕ್ಷನ್ ಕಾಪಾಡುವುದಿಲ್ಲ. ಕೆಲಸದಲ್ಲಿ ಇರುವಷ್ಟು ದಿನದ ತಡೆ ಸಿಂಧು ಎಂದು 1967ರಿಂದಲೇ ತೀರ್ಪು ಇದೆಯಂತೆ.

ಇನ್ನು ಗ್ರಾಹಕರ ಕಲಂ. ಇದರ ವಿಷಯದಲ್ಲಿ ಕೋರ್ಟುಗಳು ಯಾವಾಗಲೂ ಒಂದೇ ಥರ ಹೇಳಿಲ್ಲ. ಕೆಲವು ಕಡೆ ಇದೂ ವ್ಯಾಪಾರಕ್ಕೆ ತಡೆ ಎಂದಿದ್ದಾರೆ, ಕೆಲವು ಕಡೆ ಎತ್ತಿ ಹಿಡಿದಿದ್ದಾರೆ. ಜಗಳ ಬಂದರೆ ನೋಡುವುದು ‘ಸೆಳೆದದ್ದಕ್ಕೆ’ ಸಾಕ್ಷಿ ಇದೆಯಾ ಅಂತ. ಗ್ರಾಹಕರು ಪತ್ರಿಕೆಯಲ್ಲಿ ಜಾಹೀರಾತು ನೋಡಿ ತಾವಾಗಿ ಫೋನ್ ಮಾಡಿದರೆ ಅದು ಬೇರೆ. ನಾನೇ ವಾಟ್ಸಾಪಿನಲ್ಲಿ “ಸರ್, ಹೊಸ ಕಂಪನಿ ಸೇರಿದೀನಿ, ನಿಮ್ಮ ರಿನ್ಯೂವಲ್ ಮಾರ್ಚಿಗಲ್ವಾ, ಅದಕ್ಕೆ ಮುಂಚೆ ಒಂದ್ಸಲ ಮಾತಾಡೋಣ” ಎಂದು ಬರೆದರೆ ಅದು ಬೇರೆ. ಆ ಒಂದು ಸಾಲಿನಲ್ಲಿ ಎರಡು ತಪ್ಪು ಇವೆ. ಗ್ರಾಹಕರನ್ನು ಕರೆದದ್ದು ಒಂದು, ರಿನ್ಯೂವಲ್ ತಿಂಗಳು ಎನ್ನುವ ಕಂಪನಿಯ ಗುಟ್ಟನ್ನು ಬಳಸಿದ್ದು ಇನ್ನೊಂದು.

ಆಗ ನನಗೆ ಟೆರೇಸ್ ನೆನಪಾಯಿತು. ನಾನು ಅಲ್ಲೇ “ನನ್ನ ಹನ್ನೊಂದು ಕ್ಲೈಂಟ್‌ಗಳಲ್ಲಿ ಆರು ಬರಬಹುದು” ಎಂದಿದ್ದರೆ? ರಿಕ್ರೂಟರ್ ಅದನ್ನು ಮೇಲ್‌ನಲ್ಲಿ ಸೇಲ್ಸ್ ಹೆಡ್‌ಗೆ ಬರೆಯುತ್ತಿದ್ದರು. ಆರು ತಿಂಗಳಾದ ಮೇಲೆ ಅದರಲ್ಲಿ ಇಬ್ಬರು ನಿಜವಾಗಿಯೂ ತಾವಾಗಿ ಬಂದರೂ, ಆ ಮೇಲ್ ಇರುವಾಗ ಯಾರು ನಂಬುತ್ತಾರೆ?

ಅಣ್ಣ ಇನ್ನೊಂದು ಕಡೆ ಬೆರಳಿಟ್ಟ. ಅದನ್ನು ನಾನು ಗಮನಿಸಿಯೇ ಇರಲಿಲ್ಲ. ಹೊಸ ಆಫರ್ ಲೆಟರಿನ ನಾಲ್ಕನೇ ಪುಟದಲ್ಲಿ ಒಂದು ಸಾಲು: ‘ಈ ಕೆಲಸ ಸೇರುವುದರಿಂದ ಹಿಂದಿನ ಉದ್ಯೋಗದಾತರ ಜೊತೆಗಿನ ಯಾವ ಒಪ್ಪಂದವೂ ಮುರಿಯುವುದಿಲ್ಲ ಎಂದು ದೃಢೀಕರಿಸುತ್ತೇನೆ.’ ಕೆಳಗೆ ನನ್ನ ಸಹಿಗೆ ಜಾಗ. ಅಂದರೆ ನಾಳೆ ಹಳೇ ಕಂಪನಿ ನೋಟಿಸ್ ಕಳಿಸಿದರೆ, ಹೊಸ ಕಂಪನಿ ಈ ಪುಟ ತೋರಿಸಿ ‘ನಮಗೆ ಇವರು ಹೇಳಿರಲಿಲ್ಲ’ ಎಂದು ಪಕ್ಕಕ್ಕೆ ನಿಲ್ಲಬಹುದು. ಗ್ರಾಹಕರು ಎಷ್ಟು ಬರುತ್ತಾರೆ ಎಂದು ಕೇಳುವವರೂ ಅವರೇ, ಈ ಸಾಲಿಗೆ ಸಹಿ ಕೇಳುವವರೂ ಅವರೇ. ಇದನ್ನು ಓದಿ ನನಗೆ ನಿಜವಾಗಿಯೂ ಸಿಟ್ಟು ಬಂತು.

ಬುಧವಾರ ಬೆಳಿಗ್ಗೆ ರಿಕ್ರೂಟರ್‌ಗೆ ಮೇಲ್ ಬರೆದೆ. ಈ ಸಲ ಕಾನೂನು ಕೇಳಲಿಲ್ಲ, ಅವರು ಉತ್ತರ ಕೊಡಬಲ್ಲ ಪ್ರಶ್ನೆ ಮಾತ್ರ ಕೇಳಿದೆ. ನನ್ನ ಒಪ್ಪಂದದ ಈ ಎರಡು ಕಲಂ ಆ ಕಂಪನಿಯ ಎಚ್ಆರ್‌ಗೆ ಗೊತ್ತಿದೆಯಾ? ಆಫರ್ ಲೆಟರಿನ ನಾಲ್ಕನೇ ಪುಟದ ಆ ಸಾಲು ಬದಲಾಯಿಸುತ್ತಾರಾ? ನಮ್ಮ ಕಂಪನಿಯಿಂದ ಹಿಂದೆ ಅಲ್ಲಿಗೆ ಹೋದವರಿಗೆ ಏನಾಯಿತು? ನಾನು ಈಗ ನೋಡಿಕೊಳ್ಳುವ 11 ಗ್ರಾಹಕರನ್ನು 18 ತಿಂಗಳು ನನಗೆ ಕೊಡುವುದಿಲ್ಲ ಎಂದು ಬರೆದು ಕೊಡುತ್ತಾರಾ? ರಿಲೀವಿಂಗ್ ಲೆಟರ್ ತಡವಾದರೆ ಸೇರುವ ದಿನ ಮುಂದೂಡುತ್ತಾರಾ?

ಕೊನೆಯದು ಎಲ್ಲಕ್ಕಿಂತ ಮುಖ್ಯ. ನಮ್ಮಂಥವರ ಮೇಲೆ ಕೇಸ್ ಹಾಕುವುದಕ್ಕಿಂತ ರಿಲೀವಿಂಗ್ ಲೆಟರ್, ಫೈನಲ್ ಸೆಟಲ್‌ಮೆಂಟ್ ಹಿಡಿದಿಟ್ಟುಕೊಳ್ಳುವುದು ಕಂಪನಿಗೆ ಸುಲಭ. ಕೋರ್ಟಿನಲ್ಲಿ ನಾನು ಗೆಲ್ಲಬಹುದು. ಆದರೆ ಆ ಒಂದು ಹಾಳೆ ಇಲ್ಲದೆ ಹೊಸ ಕಡೆ ಹಿನ್ನೆಲೆ ಪರಿಶೀಲನೆ ಮುಗಿಯುವುದಿಲ್ಲ. ಹೋದ ವರ್ಷ ನಮ್ಮ ಟೀಮಿನ ಹುಡುಗನೊಬ್ಬ ಎರಡೂವರೆ ತಿಂಗಳು ಹೀಗೇ ಒದ್ದಾಡಿದ್ದ. ಮಗು ಹುಟ್ಟಿದ ಸಮಯ ಅದು. ಅವನ ಮುಖ ಇನ್ನೂ ಕಣ್ಣ ಮುಂದಿದೆ.

ಗುರುವಾರ ಸಂಜೆ ಉತ್ತರ ಬಂತು. ನಾಲ್ಕನೇ ಪುಟದ ಸಾಲು ಬದಲಾಯಿಸಲು ಒಪ್ಪಿದ್ದಾರೆ. ‘ನಾನು ತಿಳಿಸಿರುವ ಎರಡು ಕಲಂಗಳನ್ನು ಹೊರತುಪಡಿಸಿ’ ಎಂದು ಸೇರಿಸುತ್ತಾರಂತೆ. 11 ಗ್ರಾಹಕರ ಪಟ್ಟಿ ಬೇಕು ಎಂದರು. ಹೆಸರುಗಳೇ ಗೋಪ್ಯ ಮಾಹಿತಿ, ಕೊಡುವುದಿಲ್ಲ, ಪೀಣ್ಯ ಮತ್ತು ಬೊಮ್ಮಸಂದ್ರ ಬಿಟ್ಟು ಬೇರೆ ಏರಿಯಾ ಕೊಡಿ ಎಂದೆ. ಹೊಸೂರು, ತುಮಕೂರು ಕಡೆ ಕೊಡುತ್ತೇವೆ, ಆದರೆ ಮೊದಲ ವರ್ಷ ಇನ್ಸೆಂಟಿವ್ ಕಮ್ಮಿ ಆಗುತ್ತದೆ ಎಂದರು. ಒಪ್ಪಿಕೊಂಡೆ.

ಇವತ್ತು ಫೋನಿನಲ್ಲಿ ರಿಕ್ರೂಟರ್ ಸ್ವಲ್ಪ ಮುನಿಸಿಕೊಂಡ ಹಾಗಿದ್ದರು. “ಇಷ್ಟೆಲ್ಲಾ ಯಾರೂ ಕೇಳಲ್ಲ ಮೇಡಂ” ಅಂದರು. ತಿದ್ದಿದ ಆಫರ್ ಲೆಟರ್ ಶನಿವಾರ ಬರುತ್ತದೆ. ಲ್ಯಾಪ್‌ಟಾಪಿನಿಂದ ಏನನ್ನೂ ನನ್ನ ಜಿಮೇಲ್‌ಗೆ ಕಳಿಸಿಕೊಂಡಿಲ್ಲ, ನನ್ನ ಹಳೇ ಕೊಟೇಶನ್ ಫಾರ್ಮ್ಯಾಟನ್ನೂ. ಸೋಮವಾರ ರಾಜೀನಾಮೆ ಕೊಡುತ್ತೇನೆ, ಅಲ್ಲಿಂದ 90 ದಿನ ಎಣಿಸಬೇಕು.