ಮೂಲೆ ಒಡೆದ ಸ್ಲೈಡು

ಅಂಗಾಂಶಗಳನ್ನು ಮೈಕ್ರೋಸ್ಕೋಪಿನಲ್ಲಿ ತೋರಿಸಿ ಕಲಿಸುತ್ತಿದ್ದ ಹಿಸ್ಟಾಲಜಿ ಸರ್ ತೀರಿಕೊಂಡ ಸುದ್ದಿ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಬಂದಾಗ ನಾನು ದಾದರ್ ಸ್ಟೇಶನ್ನಿನ ಸೇತುವೆ ಮೇಲಿದ್ದೆ. ಮಳೆ ಸುರಿಯುತ್ತಿತ್ತು. ಹಿಂದಿನವರು ತಳ್ಳುತ್ತಿದ್ದರು. ಆ ಗದ್ದಲದಲ್ಲೂ ನನ್ನ ಕಿವಿಯಲ್ಲಿ ಒಂದೇ ಮಾತು: "ಏನ್ ಕಾಣ್ತದೋ ತಮ್ಮಾ?"

ಸರ್ ಧಾರವಾಡ ಕಡೆಯವರು. ಪಾಠ ಇಂಗ್ಲಿಷಿನಲ್ಲಿ, ಬೈಗುಳ ಮರಾಠಿಯಲ್ಲಿ. ಕನ್ನಡದ ಹುಡುಗ ಸಿಕ್ಕರೆ ಮಾತ್ರ ಈ "ತಮ್ಮಾ". ಮಾಟುಂಗಾದ ಹೋಟೆಲಿನವರ ಮಗನಾದ ನನಗೆ ಅದು ದಿನಕ್ಕೆ ನಾಲ್ಕು ಸಲ ಸಿಗುತ್ತಿತ್ತು. ಆಗ ಮೊದಲ ಎಂಬಿಬಿಎಸ್ ಅಂದರೆ ಒಂದೂವರೆ ವರ್ಷ. ಅಷ್ಟರಲ್ಲಿ ಕಲಿತದ್ದು ಹೆಚ್ಚುಕಡಿಮೆ ಎಲ್ಲ ಮರೆತಿದ್ದೇನೆ. ಒಂದು ಸ್ಲೈಡು ಮಾತ್ರ ಮರೆತಿಲ್ಲ.

ನಮ್ಮ ಕಳ್ಳತನ ಹೇಳಿಬಿಡುತ್ತೇನೆ. ಸ್ಲೈಡು ನೋಡಿ ಯಾವ ಅಂಗ ಅಂತ ಗುರುತಿಸುವ ಸ್ಪಾಟಿಂಗ್ ಪರೀಕ್ಷೆಗೆ ನಾವು ಸ್ಲೈಡಿನ ಒಳಗಿದ್ದದ್ದನ್ನು ಕಲಿಯುತ್ತಿರಲಿಲ್ಲ, ಗಾಜನ್ನು ಕಲಿಯುತ್ತಿದ್ದೆವು. ಮೆದುಳಿನ ಬುಡದ ಗ್ರಂಥಿ ಪಿಟ್ಯುಟರಿಯ ಲೇಬಲ್ ಮೇಲೆ ಶಾಯಿ ಕಲೆ. ಥೈರಾಯ್ಡಿಗೆ ಉದ್ದ ಗೀರು. ಮೂತ್ರಪಿಂಡದ ಮೇಲೆ ಕೂರುವ ಗ್ರಂಥಿ ಅಡ್ರಿನಲ್‌ಗೆ ಒಡೆದ ಮೂಲೆ. ನಮ್ಮ ಲ್ಯಾಬಿನ ಮಾಮಾನಿಗೆ (ಮುಂಬೈಯ ಆಸ್ಪತ್ರೆ, ಕಾಲೇಜುಗಳಲ್ಲಿ ಜವಾನರೆಲ್ಲ ಮಾಮಾಗಳೇ) ಒಂದು ವಡಾಪಾವ್ ಕೊಡಿಸಿದರೆ ಪರೀಕ್ಷೆಯ ಹಿಂದಿನ ದಿನ ಡಬ್ಬಿ ತೆರೆದು ತೋರಿಸುತ್ತಿದ್ದ.

ಪರೀಕ್ಷೆಯ ದಿನ ಏಳನೇ ಮೈಕ್ರೋಸ್ಕೋಪಿನಲ್ಲಿ ಒಡೆದ ಮೂಲೆ ಕಂಡಿತು. ನಾನು ಕಣ್ಣನ್ನು ಐಪೀಸಿಗೆ ಸುಮ್ನೆ ತಾಗಿಸಿದೆ, ಅಷ್ಟೇ. ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ ಇರುವ ಪೆನ್ಸಿಲಿನಲ್ಲಿ ಸೊಗಸಾದ ಚಿತ್ರ ಬರೆದೆ. ಮೇಲೆ ಕವಚ. ಅದರ ಕೆಳಗೆ ಉಂಡೆಯುಂಡೆಯಾಗಿ ಗ್ಲೋಮೆರುಲೋಸಾ ಪದರ. ಆಮೇಲೆ ಗ್ರಂಥಿಯ ಹೊರಭಾಗವಾದ ಕಾರ್ಟೆಕ್ಸಿನ ಮುಕ್ಕಾಲು ಪಾಲು ತುಂಬುವ ಉದ್ದುದ್ದ ಸಾಲುಗಳ ಫ್ಯಾಸಿಕ್ಯುಲೇಟಾ. ತಳದಲ್ಲಿ ಬಲೆಯಂತೆ ಹೆಣೆದ ರೆಟಿಕ್ಯುಲಾರಿಸ್. ಪಕ್ಕದಲ್ಲಿ ಹಾರ್ಮೋನುಗಳು: ಆಲ್ಡೋಸ್ಟಿರೋನ್, ಕಾರ್ಟಿಸಾಲ್, ಗಂಡು ಹಾರ್ಮೋನಿನ ಕಚ್ಚಾ ಸರಕಾದ ಡಿಎಚ್‌ಇಎ. ಉಪ್ಪು, ಸಕ್ಕರೆ, ಸೆಕ್ಸು ಅಂತ ನೆನಪಿಟ್ಟುಕೊಳ್ಳುತ್ತಿದ್ದೆವು. ಚಿತ್ರ ಬರೆಯುವುದರಲ್ಲಿ ಬ್ಯಾಚಿಗೇ ನಾನು ಮೊದಲು, ಸುಳ್ಳು ವಿನಯ ಯಾಕೆ.

ಸಂಜೆ ಸರ್ ಕರೆದರು. ನನ್ನ ಹಾಳೆ ಕೈಯಲ್ಲಿತ್ತು. "ಭಾಳ ಛಂದ ಬರದಿ. ಎಲ್ಲಿ ನೋಡಿ ಬರದಿ? ಗಾಜಿನ್ಯಾಗಂತೂ ಇದು ಇಲ್ಲ."

ಕೂರಿಸಿದರು. ಕಡಿಮೆ ಪವರ್ ಹಾಕಿ, ಕವಚದಿಂದ ಒಳಕ್ಕೆ ನಿಧಾನವಾಗಿ ಸ್ಲೈಡು ಸರಿಸು ಎಂದರು. ಕವಚ ದಪ್ಪಗಿತ್ತು. ಅದರ ಕೆಳಗೆ ಗ್ಲೋಮೆರುಲೋಸಾದ ಉಂಡೆಗಳು ಅಲ್ಲಲ್ಲಿ ಇದ್ದವು. ಮನುಷ್ಯರಲ್ಲಿ ಆ ಪದರ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ, ಅದು ಸರಿಯೇ. ಆಮೇಲೆ ಫ್ಯಾಸಿಕ್ಯುಲೇಟಾ ಶುರುವಾಯಿತು. ಶುರುವಾದದ್ದೇ ಮುಗಿಯಿತು. ಉದ್ದ ಸಾಲುಗಳು ಇರಬೇಕಾದ ಜಾಗದಲ್ಲಿ ಒಂದು ಸಣ್ಣ ಪಟ್ಟಿ. ರೆಟಿಕ್ಯುಲಾರಿಸ್ ಅಂತೂ ಹುಡುಕಿದರೂ ಸಿಗದಷ್ಟು. ಅದು ನಮ್ಮ ಹಳೆಯ ಅಡ್ರಿನಲ್ ಅಲ್ಲವೇ ಅಲ್ಲ. ಸರ್ ಬೇರೆ ಸ್ಲೈಡು ತಂದು, ಅದರ ಮೂಲೆಯನ್ನೂ ತಾವೇ ಒಡೆದಿದ್ದರು!

ಪಕ್ಕದ ಮೈಕ್ರೋಸ್ಕೋಪಿನಲ್ಲಿ ಹಳೆಯ ಸ್ಲೈಡು ಇಟ್ಟು ಹೋಲಿಸು ಎಂದರು. ಅಲ್ಲಿ ಫ್ಯಾಸಿಕ್ಯುಲೇಟಾದ ಕೋಶಗಳು ದೊಡ್ಡವು, ಮಸುಕು, ನಮ್ಮ ಹೋಟೆಲಿನ ಸೆಟ್ ದೋಸೆಯ ಹಾಗೆ ತೂತು ತೂತು. ಕಾರ್ಟಿಸಾಲ್ ಮಾಡಲು ಕೂಡಿಟ್ಟ ಕೊಬ್ಬು ಅಲ್ಲಿತ್ತು. ಸ್ಲೈಡು ಮಾಡುವಾಗ ಆಲ್ಕೋಹಾಲು, ಕ್ಸೈಲೀನಿನಲ್ಲಿ ಅದು ಕರಗಿಹೋಗಿ ತೂತು ಉಳಿಯಿತು. ಆದರೆ ತೂತು ಕಡಿಮೆ ಇದ್ದರೆ ಗ್ರಂಥಿ ಸೊರಗಿದೆ ಅನ್ನುವ ಹಾಗಿಲ್ಲ ಅಂತಲೂ ಎಚ್ಚರಿಸಿದರು. ಜಾಸ್ತಿ ದಿನ ನರಳಿ ಸತ್ತವರಲ್ಲಿ ಕೊಬ್ಬು ಖರ್ಚಾಗಿ ಕೋಶಗಳು ಕೆಂಪಗೆ, ಒತ್ತಾಗಿ ಕಾಣುತ್ತವೆ. ಅಲ್ಲಿ ಪದರದ ಅಗಲ ಉಳಿದಿರುತ್ತದೆ. ಇಲ್ಲಿ ಅಗಲವೇ ಹೋಗಿತ್ತು.

"ಒಳಗಿನ ಎರಡೂ ಸೊರಗ್ಯಾವು. ಹೊರಗಿಂದು ಯಾಕ ಸೊರಗಿಲ್ಲ?"

ನಾನು ಸುಮ್ಮನಿದ್ದೆ. ಸರ್ ಮೂರನೇ ಸ್ಲೈಡು ಇಟ್ಟರು. ಅದೇ ಮನುಷ್ಯನ ಪಿಟ್ಯುಟರಿ. ಮುಂಭಾಗದಲ್ಲಿ ಕೆಂಪು ಕೋಶ, ನೀಲಿ ಕೋಶ, ಬಣ್ಣ ಹಿಡಿಯದ ಕೋಶ ಕಲಸಿಕೊಂಡಿದ್ದವು. ಹಿಂಭಾಗ ನರದ ನಾರುಗಳ ಮಸುಕು. ಕೆಲವು ನೀಲಿ ಕೋಶಗಳ ಒಳಗೆ ಮಾತ್ರ ನೀಲಿ ಕಾಳುಗಳು ಅಂಚಿಗೆ ಸರಿದು, ತೆಳು ಗುಲಾಬಿಯ ಗಾಜಿನಂಥ ಉಂಗುರ ಬಂದಿತ್ತು. 1935ರಲ್ಲಿ ಕ್ರೂಕ್ ಎಂಬ ವೈದ್ಯ ವರ್ಣಿಸಿದ ಬದಲಾವಣೆ ಅದು. ಆ ನೀಲಿ ಕೋಶಗಳು ಅಡ್ರಿನಲ್‌ಗೆ ಕೆಲಸ ಹೇಳುವ ಎಸಿಟಿಎಚ್ ಹಾರ್ಮೋನು ಮಾಡುವವು. ಆ ಮನುಷ್ಯ ದಮ್ಮಿಗೆ ವರ್ಷಗಟ್ಟಲೆ ಕಾರ್ಟಿಸಾಲಿನಂಥ ಸ್ಟಿರಾಯ್ಡ್ ಮಾತ್ರೆ ತಿಂದಿದ್ದ. ಹೊರಗಿನಿಂದ ಬೇಕಾದಷ್ಟು ಬರುವಾಗ ಪಿಟ್ಯುಟರಿ ಕೈಕಟ್ಟಿ ಕೂತಿತು. ಎಸಿಟಿಎಚ್ ಇಲ್ಲದೆ ಫ್ಯಾಸಿಕ್ಯುಲೇಟಾ, ರೆಟಿಕ್ಯುಲಾರಿಸ್ ಎರಡೂ ಬಡವಾದವು. ಗ್ಲೋಮೆರುಲೋಸಾ ಮುಖ್ಯವಾಗಿ ಕೇಳುವುದು ಆಂಜಿಯೋಟೆನ್ಸಿನ್ ಎಂಬ ಹಾರ್ಮೋನು ಮತ್ತು ರಕ್ತದ ಪೊಟಾಸಿಯಂ ಮಾತನ್ನು. ಅದಕ್ಕೆ ಪಿಟ್ಯುಟರಿ ಮುನಿದರೂ ಅಷ್ಟಾಗಿ ತಟ್ಟಲಿಲ್ಲ.

ನನಗೆ ಆ ಪ್ರಶ್ನೆಗೆ ಸೊನ್ನೆ. ಚಿತ್ರಕ್ಕೆ ಅರ್ಧ ಮಾರ್ಕಾದರೂ ಕೊಡಬಹುದಿತ್ತು ಅಂತ ಈಗಲೂ ಅನಿಸುತ್ತದೆ.

ಹದಿನೈದು ವರ್ಷ ಕಳೆದ ಮೇಲೆ ಒಂದು ರಾತ್ರಿ ಡೊಂಬಿವಲಿಯಿಂದ ನಮ್ಮ ಕಡೆಯ ಒಬ್ಬ ಅಮ್ಮನನ್ನು ಕರೆತಂದರು. ಎರಡು ದಿನದಿಂದ ವಾಂತಿ, ಬಿಪಿ 80, ಸಕ್ಕರೆ ಕಡಿಮೆ, ಸೋಡಿಯಂ ಸ್ವಲ್ಪ ಇಳಿದಿತ್ತು. ಹೊಟ್ಟೆ ಕೆಟ್ಟಿದೆ ಅಂತ ಎಲ್ಲರೂ ಅಂದುಕೊಂಡಿದ್ದರು. ಪೊಟಾಸಿಯಂ 4.2, ಸರಿಯಾಗಿತ್ತು. ನನಗೆ ಆ ದಪ್ಪ ಕವಚ, ಅದರ ಕೆಳಗೆ ಸೊರಗದೆ ಉಳಿದ ಉಂಡೆಗಳು ನೆನಪಾದವು. ಬಾಯಿ ತೆರೆಸಿ ನೋಡಿದೆ, ವಸಡು ಕಪ್ಪಾಗಿರಲಿಲ್ಲ. ಇಡೀ ಅಡ್ರಿನಲ್ ಕೆಟ್ಟರೆ ಆಲ್ಡೋಸ್ಟಿರೋನೂ ಹೋಗಿ ಪೊಟಾಸಿಯಂ ಏರುತ್ತದೆ. ಎಸಿಟಿಎಚ್ ಉಕ್ಕಿ ಚರ್ಮ, ವಸಡು ಕಪ್ಪಾಗುತ್ತವೆ. ಇಲ್ಲಿ ಎರಡೂ ಇಲ್ಲ.

"ಅಮ್ಮ, ಗಂಟು ನೋವಿಗೆ ಏನಾದರೂ ಮಾತ್ರೆ ತಗೊಳ್ತಿದ್ರಾ?"

"ಎರಡು ವರ್ಷದಿಂದ ಮಗಾ. ಮದುವೆಗೆ ಊರಿಗೆ ಹೋಗುವಾಗ ಮರೆತು ಹೋದೆ."

ಸೊಸೆ ಚೀಲದಿಂದ ಖಾಲಿ ಪಟ್ಟಿ ತೆಗೆದಳು. ಪ್ರೆಡ್ನಿಸೊಲೋನ್, ಅದೂ ಸ್ಟಿರಾಯ್ಡೇ. ಪರೀಕ್ಷೆಗೆ ರಕ್ತ ತೆಗೆದಿಟ್ಟು, ವರದಿಗೆ ಕಾಯದೆ ಹೈಡ್ರೊಕಾರ್ಟಿಸೋನ್ 100 ಮಿಲಿಗ್ರಾಂ ರಕ್ತನಾಳಕ್ಕೆ ಕೊಟ್ಟು, ಗ್ಲೂಕೋಸು, ಸಲೈನ್ ಹಚ್ಚಿದೆವು. ಬೆಳಿಗ್ಗೆ ಅಮ್ಮ ಎದ್ದು ಕೂತು ಚಾ ಕೇಳಿದರು. ಕಾರ್ಟಿಸಾಲ್ ವರದಿ ಆಮೇಲೆ ಬಂತು, ತೀರಾ ಕಡಿಮೆ. ಆ ರಾತ್ರಿ ಅದನ್ನು ಹಿಡಿದವನು ನಾನೊಬ್ಬನೇ ಅನ್ನುವುದನ್ನು ಇಲ್ಲಿ ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಸರ್ ನೆನಪಿಗೆ ಈ ಸಲ ಬ್ಯಾಚೆಲ್ಲ ಕಾಲೇಜಿನಲ್ಲಿ ಸೇರಿದ್ದೆವು. ಲ್ಯಾಬಿನಲ್ಲಿ ಈಗ ದೊಡ್ಡ ಪರದೆ. ಸ್ಲೈಡು ಅದರಲ್ಲೇ ಬರುತ್ತದೆ, ಪದರಗಳ ಹೆಸರು ಬಾಣ ಹಾಕಿಕೊಂಡು ಬರುತ್ತದೆ. ಮಕ್ಕಳು ಜಾಣರು. ಆದರೆ ಕವಚದಿಂದ ಒಳಕ್ಕೆ ತಾವೇ ಸರಿಸಿಕೊಂಡು ಹೋಗುವ ಕೆಲಸ ಅವರಿಗಿಲ್ಲ. ನಮಗೂ ಇರಲಿಲ್ಲ ಅನ್ನಿ, ಸರ್ ಹಿಡಿಯುವ ತನಕ.

ಮಾಮಾ ಬಂದಿದ್ದ. ನಿವೃತ್ತನಾಗಿ ತುಂಬ ವರ್ಷವಾಗಿದೆ, ಕಿವಿ ಸ್ವಲ್ಪ ಮಂದ. ಸರ್‌ಗೆ ಒಡೆದ ಮೂಲೆಯ ಗುಟ್ಟು ಹೇಗೆ ಗೊತ್ತಾಯಿತು ಅಂತ ಕಿವಿಯ ಹತ್ತಿರ ಬಾಗಿ ಕೇಳಿದೆ. ಅವನು ಮರಾಠಿಯಲ್ಲಿ ಹೇಳಿದ: ನೀವು ವಡಾಪಾವ್ ಕೊಡಿಸುತ್ತಿದ್ರಿ, ಸಾಹೇಬರು ಅದರ ಜೊತೆ ಚಾ ಕೂಡ ಕೊಡಿಸುತ್ತಿದ್ದರು.