ಬಾಳೆಲೆ ಬಂತಾ?

"ವೆಬ್‌ಸೈಟಲ್ಲಿ ಏನೇನು ಇರಬೇಕು ಅಣ್ಣ?" ಅಂದರೆ ಮುಂಬೈಯ ಮಾಟುಂಗಾದ ನಮ್ಮೂರ ದಿನಸಿ ಅಂಗಡಿಯವರದ್ದು ಒಂದೇ ಉತ್ತರ: "ಚಂದ ಇರಲಿ ಮಾರಾಯ." ಅಷ್ಟರಲ್ಲಿ ಇನ್ನೊಬ್ಬರಿಗೆ ಕುಚ್ಚಲಕ್ಕಿ ತೂಗಬೇಕು.

ಸುಮ್ನೆ ಗಲ್ಲಾದ ಪಕ್ಕ ಕೂತು, ಬರುವ ಫೋನುಗಳನ್ನು ಕೇಳಿಸಿಕೊಂಡೆ. "ಬಾಳೆಲೆ ಬಂತಾ?" "ಸೋಮವಾರ ತೆರೆದಿರ್ತದಾ?" "ಡೊಂಬಿವಲಿಗೆ ಕಳಿಸ್ತೀರಾ?" ತಿರುಗಾಮುರುಗಾ ಇವೇ. ಮುಖಪುಟ ಅಲ್ಲೇ ಸಿಕ್ಕಿತು ಅಲ್ವಾ!

ಆಮೇಲೆ ಕೇಳಿದೆ, "ತೆಂಗಿನಕಾಯಿ ರೇಟು ಬದಲಾದರೆ ಸೈಟಲ್ಲಿ ಯಾರು ತಿದ್ದುತ್ತಾರೆ?" ಅಣ್ಣ ತಕ್ಕಡಿ ಬಿಟ್ಟು ನೋಡಿದರು. "ಯಾರಿದ್ದಾರೆ? ರೇಟು ಬೇಡ, ವಾಟ್ಸಾಪ್ ಬಟನ್ ಇಡು."

ಬಿಲ್ಲಿನ ಹಿಂದೆ ಪುಟದ ಚಿತ್ರ ಬರೆದು ತೋರಿಸಿದೆ: ಅಂಗಡಿ ಸಮಯ, ಡೆಲಿವರಿ ಎಲ್ಲಿವರೆಗೆ, ಬಾಳೆಲೆ ಬರುವ ವಾರ. ಕಣ್ಣಿಗೆ ಕಂಡ ಮೇಲೆ ಅವರಿಗೂ ಮಾತು ಬಂತು. "ಬಾಳೆಲೆ ಎಲ್ಲಕ್ಕಿಂತ ಮೇಲೆ ಹಾಕು. ನಿನ್ನ ಫೋನ್ ನಂಬರ್ ಹಾಕಬೇಡ, ನನ್ನದು ಹಾಕು!"