ಮೆದುಳಿನ ಎಂಆರ್‌ಐನಲ್ಲಿ ಬಿಳಿ ಕಂಡರೆ ಏನರ್ಥ?

"ಡಾಕ್ಟ್ರೇ, ಒಂದೇ ತಲೆಗೆ ಇಷ್ಟೊಂದು ಥರದ ಚಿತ್ರ ಯಾಕೆ ತೆಗೀತೀರಿ? ಒಂದರಲ್ಲಿ ಬೆಳ್ಳಗಿರೋ ಜಾಗ ಇನ್ನೊಂದರಲ್ಲಿ ಕಪ್ಪಗಿದೆ. ಬಿಳಿ ಅಂದ್ರೆ ಕಾಯಿಲೆನಾ?"

ಅಲ್ಲ. ಎಂಆರ್‌ಐನಲ್ಲಿ ಬಿಳಿಗೆ ತನ್ನದೇ ಆದ ಅರ್ಥ ಇಲ್ಲ. ಸಿಟಿ ಸ್ಕ್ಯಾನ್‌ನಲ್ಲಿ ಮೂಳೆ ಯಾವಾಗಲೂ ಬಿಳಿ, ಗಾಳಿ ಯಾವಾಗಲೂ ಕಪ್ಪು, ನೀರಿಗೆ ಸೊನ್ನೆ ಅಂತ ಒಂದು ಅಳತೆಯೇ ಇದೆ. ಎಂಆರ್‌ಐನ ಮಾಮೂಲಿ ಚಿತ್ರಗಳಿಗೆ ಅಂಥ ಅಳತೆ ಇಲ್ಲ. ಸುತ್ತಲಿನ ಮೆದುಳಿಗಿಂತ ಒಂದು ಜಾಗ ಬೆಳ್ಳಗಿದೆಯೋ ಕಪ್ಪಗಿದೆಯೋ ಅಂತಷ್ಟೇ ಹೇಳಬಹುದು. ಯಾವ ಚಿತ್ರದಲ್ಲಿ ಬಿಳಿ, ಅದೇ ಜಾಗ ಉಳಿದ ಚಿತ್ರಗಳಲ್ಲಿ ಹೇಗಿದೆ ಅಂತ ಸೇರಿಸಿ ನೋಡಿದಾಗಲೇ ಅರ್ಥ ಹೊರಡುವುದು.

ಎಂಆರ್‌ಐ ಯಂತ್ರ ಕೇಳಿಸಿಕೊಳ್ಳುವುದು ಹೆಚ್ಚಾಗಿ ನೀರಿನಲ್ಲಿ ಮತ್ತು ಕೊಬ್ಬಿನಲ್ಲಿ ಇರುವ ಹೈಡ್ರೋಜನ್‌ ಅನ್ನು. ದೊಡ್ಡ ಅಯಸ್ಕಾಂತದ ಒಳಗೆ ಹೈಡ್ರೋಜನ್ ಕಣಗಳ ಒಟ್ಟು ಸೆಳೆತ ಒಂದು ದಿಕ್ಕಿಗೆ ನಿಂತಿರುತ್ತದೆ. ರೇಡಿಯೋ ತರಂಗ ಕೊಟ್ಟು ಅದನ್ನು ಪಕ್ಕಕ್ಕೆ ವಾಲಿಸುತ್ತೇವೆ. ಆಮೇಲೆ ಎರಡು ಬೇರೆ ಬೇರೆ ಕೆಲಸ ಒಟ್ಟಿಗೇ ನಡೆಯುತ್ತವೆ. ಕಣಗಳು ಮೊದಲಿನ ದಿಕ್ಕಿಗೆ ಮರಳುತ್ತವೆ. ಇದಕ್ಕೆ ಹಿಡಿಯುವ ಕಾಲ ಟಿ1. ಒಟ್ಟಿಗೆ ತಿರುಗುತ್ತಿದ್ದ ಕಣಗಳು ತಾಳ ತಪ್ಪಿ ಅವುಗಳ ಸಿಗ್ನಲ್ ಸಣ್ಣಗಾಗುತ್ತದೆ. ಇದರ ಕಾಲ ಟಿ2. ಕೊಬ್ಬು ಬೇಗ ಮರಳುತ್ತದೆ. ಮೆದುಳಿನ ಸುತ್ತಲೂ ಒಳಗೂ ಇರುವ ನೀರು, ಅಂದರೆ ಸಿಎಸ್‌ಎಫ್, ಮರಳುವುದಕ್ಕೂ ನಿಧಾನ, ತಾಳ ತಪ್ಪುವುದಕ್ಕೂ ನಿಧಾನ.

ಈಗ ನಮ್ಮ ಕೈಲಿರುವುದು ಎರಡು ಸಮಯಗಳು: ಎಷ್ಟು ಹೊತ್ತಿಗೊಮ್ಮೆ ವಾಲಿಸಬೇಕು, ವಾಲಿಸಿ ಎಷ್ಟು ಹೊತ್ತಾದ ಮೇಲೆ ಕೇಳಬೇಕು. ಸುಮಾರು 500 ಮಿಲಿಸೆಕೆಂಡಿಗೊಮ್ಮೆ ವಾಲಿಸಿ ತಕ್ಷಣ ಕೇಳಿದರೆ ಸಿಎಸ್‌ಎಫ್ ಇನ್ನೂ ಮರಳಿಯೇ ಇರುವುದಿಲ್ಲ. ಹಾಗಾಗಿ ಅದು ಕಪ್ಪು, ಕೊಬ್ಬು ಬಿಳಿ. ಇದು ಟಿ1 ಚಿತ್ರ. ಕೆಲವು ಸೆಕೆಂಡು ಬಿಟ್ಟು ವಾಲಿಸಿ, ಸುಮಾರು 100 ಮಿಲಿಸೆಕೆಂಡ್ ತಡವಾಗಿ ಕೇಳಿದರೆ ಮೆದುಳಿನ ಸಿಗ್ನಲ್ ಬಹಳಷ್ಟು ಸಣ್ಣಗಾಗಿರುತ್ತದೆ, ನೀರಿನದು ಇನ್ನೂ ಜೋರಾಗಿರುತ್ತದೆ. ಇದು ಟಿ2 ಚಿತ್ರ; ಇದರಲ್ಲಿ ಸಿಎಸ್‌ಎಫ್ ಬೆಳ್ಳಗೆ ಹೊಳೆಯುತ್ತದೆ. ಮೆದುಳಿನ ಹೆಚ್ಚಿನ ಕಾಯಿಲೆಗಳಲ್ಲಿ ಆ ಜಾಗದ ನೀರು ಜಾಸ್ತಿಯಾಗುವುದರಿಂದ ಅವೂ ಟಿ2ನಲ್ಲಿ ಬಿಳಿಯೇ.

ತೊಂದರೆ ಅಲ್ಲೇ ಇದೆ. ಆರೋಗ್ಯವಂತರ ಸಿಎಸ್‌ಎಫ್‌ ಕೂಡ ಬಿಳಿ, ಕಾಯಿಲೆಯೂ ಬಿಳಿ. ಸಿಎಸ್‌ಎಫ್ ಪಕ್ಕದಲ್ಲೇ ಒಂದು ಸಣ್ಣ ಮಚ್ಚೆ ಇದ್ದರೆ ಕಣ್ಣಿಗೇ ಬೀಳುವುದಿಲ್ಲ. ಅದಕ್ಕೇ ಫ್ಲೇರ್ ಬಂದಿದ್ದು. ಇದರಲ್ಲಿ ಮೊದಲು ಎಲ್ಲ ಕಣಗಳನ್ನೂ ತಲೆಕೆಳಗು ಮಾಡುತ್ತೇವೆ. ಮರಳಿ ಮೇಲೇಳುವಾಗ ಪ್ರತಿಯೊಂದೂ ಒಂದು ಕ್ಷಣ ಸೊನ್ನೆಯನ್ನು ದಾಟಲೇಬೇಕು. ಸಿಎಸ್‌ಎಫ್ ದಾಟುವುದು ಸುಮಾರು ಎರಡರಿಂದ ಎರಡೂವರೆ ಸೆಕೆಂಡಿಗೆ. ಸರಿಯಾಗಿ ಆ ಹೊತ್ತಿಗೆ ಚಿತ್ರ ತೆಗೆದರೆ ಅದರಿಂದ ಸಿಗ್ನಲ್ ಬರುವುದಿಲ್ಲ. ಮೆದುಳಿನ ಅಂಗಾಂಶದಲ್ಲಿ ಸೇರಿಕೊಂಡ ನೀರು ಅಷ್ಟರಲ್ಲಿ ಸೊನ್ನೆ ದಾಟಿ ಆಗಿರುವುದರಿಂದ ಅದು ಬೆಳ್ಳಗೇ ಉಳಿಯುತ್ತದೆ.

ಇಷ್ಟಿದ್ದರೂ ಒಂದು ಪ್ರಶ್ನೆಗೆ ಟಿ1, ಟಿ2, ಫ್ಲೇರ್ ಮೂರೂ ಸರಿಯಾಗಿ ಉತ್ತರ ಕೊಡುವುದಿಲ್ಲ: ಈ ಮಚ್ಚೆ ಹಳೆಯದೋ, ಈಗಷ್ಟೇ ಆದದ್ದೋ? ಲಕ್ವ ಹೊಡೆದವರ ವಿಷಯದಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ಹಾಗಾಗಿ ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ.

ಅರವತ್ತು ದಾಟಿದ ಒಬ್ಬರು ಅಂದುಕೊಳ್ಳಿ. ಬಹಳ ವರ್ಷದಿಂದ ಬಿಪಿ ಇದೆ. ರಾತ್ರಿ ಹತ್ತಕ್ಕೆ ಚೆನ್ನಾಗಿಯೇ ಮಲಗಿದ್ದಾರೆ. ಬೆಳಿಗ್ಗೆ ಐದೂವರೆಗೆ ಎದ್ದಾಗ ಬಲಗೈ ಎತ್ತಲಾಗುತ್ತಿಲ್ಲ, ಮಾತು ತೊದಲುತ್ತಿದೆ. ಆರೂವರೆಗೆ ಆಸ್ಪತ್ರೆಗೆ ಬಂದಿದ್ದಾರೆ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್‌ ಅನ್ನು ಸಾಮಾನ್ಯವಾಗಿ ಲಕ್ಷಣ ಶುರುವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಇವರಿಗೆ ಶುರುವಾದದ್ದು ಯಾವಾಗ? ಹನ್ನೊಂದಕ್ಕೋ, ಬೆಳಗಿನ ಐದಕ್ಕೋ, ಯಾರಿಗೂ ಗೊತ್ತಿಲ್ಲ. ಕೊನೆಯ ಸಲ ಚೆನ್ನಾಗಿದ್ದ ಹೊತ್ತಿನಿಂದ ಲೆಕ್ಕ ಹಿಡಿದರೆ ಎಂಟೂವರೆ ಗಂಟೆ ಆಗಿಹೋಗಿದೆ.

ಫ್ಲೇರ್ ತೆಗೆದರೆ ಇವರ ಮೆದುಳಿನಲ್ಲಿ ಸಾಕಷ್ಟು ಬಿಳಿ ಕಾಣುತ್ತದೆ. ಒಳಗಿನ ಸಿಎಸ್‌ಎಫ್ ಕೋಣೆಗಳ ಸುತ್ತ ಎರಡೂ ಕಡೆ ಸಣ್ಣ ಸಣ್ಣ ಚುಕ್ಕೆಗಳಿವೆ. ಬಲಭಾಗದಲ್ಲಿ ಹಿಂದುಗಡೆ ಒಂದು ದೊಡ್ಡ ಮಚ್ಚೆ ಇದೆ. ಆದರೆ ಬಲಗೈ ಮತ್ತು ಮಾತು ಹೋಗಿದೆ ಅಂದರೆ ತೊಂದರೆ ಇರಬೇಕಾದದ್ದು ಎಡಭಾಗದಲ್ಲಿ. ಅಲ್ಲಿ ಫ್ಲೇರ್‌ನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ.

ಈಗ ಡಿಫ್ಯೂಷನ್ ಚಿತ್ರ, ಅಂದರೆ ಡಿಡಬ್ಲ್ಯೂಐ. ಇದು ನೀರಿನ ಅಣುಗಳು ಎಷ್ಟು ಓಡಾಡುತ್ತಿವೆ ಅನ್ನುವುದನ್ನು ಹಿಡಿಯುತ್ತದೆ. ಅಯಸ್ಕಾಂತದ ಬಲವನ್ನು ಎರಡು ಸಲ ಏರುಪೇರು ಮಾಡುತ್ತೇವೆ. ಇದ್ದಲ್ಲೇ ಇದ್ದ ಅಣುವಿಗೆ ಎರಡನೆಯದು ಮೊದಲನೆಯದನ್ನು ಅಳಿಸಿಹಾಕುತ್ತದೆ, ಸಿಗ್ನಲ್ ಉಳಿಯುತ್ತದೆ. ನಡುವೆ ಜಾಗ ಬದಲಿಸಿದ ಅಣುವಿನ ಲೆಕ್ಕ ತಪ್ಪುತ್ತದೆ, ಸಿಗ್ನಲ್ ಕಳೆದುಹೋಗುತ್ತದೆ. ರಕ್ತ ನಿಂತ ಕೂಡಲೇ ಜೀವಕೋಶಗಳಿಗೆ ಶಕ್ತಿ ಸಿಗುವುದಿಲ್ಲ. ಸೋಡಿಯಂ ಅನ್ನು ಹೊರಗೆ ತಳ್ಳುವ ಪಂಪು ನಿಲ್ಲುತ್ತದೆ. ಸೋಡಿಯಂ ಒಳಗೆ ನುಗ್ಗುತ್ತದೆ, ಅದರ ಹಿಂದೆ ನೀರೂ ಹೋಗಿ ಕೋಶಗಳು ಊದುತ್ತವೆ. ಕೋಶಗಳ ನಡುವಿನ ಜಾಗ ಕಿರಿದಾಗಿ ನೀರಿನ ಓಡಾಟ ಕಟ್ಟಿಹಾಕಿದ ಹಾಗಾಗುತ್ತದೆ. ಈ ಬದಲಾವಣೆ ನಿಮಿಷಗಳಲ್ಲೇ ಶುರುವಾಗುತ್ತದೆ. ಒಟ್ಟು ನೀರು ಇನ್ನೂ ಅಷ್ಟೇನೂ ಹೆಚ್ಚಿರುವುದಿಲ್ಲ, ಅದಕ್ಕೇ ಟಿ2 ಮತ್ತು ಫ್ಲೇರ್ ಸುಮ್ಮನಿರುತ್ತವೆ. ಬೆಕ್ಕುಗಳಲ್ಲಿ ಇದನ್ನು ಮೋಸ್ಲಿ ಮತ್ತು ಸಂಗಡಿಗರು 1990ರಲ್ಲಿ ತೋರಿಸಿದರು. ಲಕ್ವದ ಚಿಕಿತ್ಸೆಯಲ್ಲಿ ಎಂಆರ್‌ಐಗೆ ಇಂದು ಇರುವ ಬೆಲೆ ಬಹಳ ಮಟ್ಟಿಗೆ ಅಲ್ಲಿಂದ ಬಂದದ್ದು ಅಂತ ನನ್ನ ಅಭಿಪ್ರಾಯ.

ನಮ್ಮ ರೋಗಿಯ ಡಿಡಬ್ಲ್ಯೂಐನಲ್ಲಿ ಎಡಭಾಗ ಬೆಳ್ಳಗೆ ಹೊಳೆಯುತ್ತದೆ. ಆದರೆ ಬಲಗಡೆಯ ದೊಡ್ಡ ಮಚ್ಚೆಯೂ ಸ್ವಲ್ಪ ಬೆಳ್ಳಗೇ ಇದೆ! ಹಾಗಾದರೆ ಎರಡೂ ಹೊಸದಾ? ಇಲ್ಲಿಯೇ ಅವಸರದಲ್ಲಿ ನೋಡುವವರು ಎಡವುವುದು. ಡಿಡಬ್ಲ್ಯೂಐ ಚಿತ್ರದ ತಳದಲ್ಲಿ ಒಂದು ಟಿ2 ಚಿತ್ರವೇ ಇದೆ. ಟಿ2ನಲ್ಲಿ ತುಂಬಾ ಬೆಳ್ಳಗಿರುವ ಜಾಗದಲ್ಲಿ ನೀರು ಓಡಾಡುತ್ತಿದ್ದರೂ ಒಂದಷ್ಟು ಬಿಳಿ ಉಳಿದುಬಿಡುತ್ತದೆ. ಇದಕ್ಕೆ ನಾವು ಟಿ2 ಶೈನ್ ಥ್ರೂ ಅನ್ನುತ್ತೇವೆ.

ಇದನ್ನು ಬಿಡಿಸುವುದು ಎಡಿಸಿ ಮ್ಯಾಪ್. ಏರುಪೇರು ಮಾಡದ ಚಿತ್ರ ಒಂದು, ಮಾಡಿದ ಚಿತ್ರ ಒಂದು. ಸಿಗ್ನಲ್ ಎಷ್ಟು ಇಳಿಯಿತು ಅಂತ ಪ್ರತಿ ಚುಕ್ಕೆಗೂ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಟಿ2 ಎರಡರಲ್ಲೂ ಇರುವುದರಿಂದ ಅದು ಲೆಕ್ಕದಲ್ಲಿ ಹೊಡೆದುಹೋಗುತ್ತದೆ. ಉಳಿಯುವುದು ನೀರಿನ ಓಡಾಟ ಮಾತ್ರ. ಇದರಲ್ಲಿ ಓಡಾಟ ಕಡಿಮೆಯಾದ ಜಾಗ ಕಪ್ಪು. ನಮ್ಮ ರೋಗಿಯ ಎಡಭಾಗ ಎಡಿಸಿಯಲ್ಲಿ ಕಪ್ಪಗಿದೆ: ಅದು ಹೊಸದು. ಬಲಗಡೆಯ ಮಚ್ಚೆ ಎಡಿಸಿಯಲ್ಲೂ ಬೆಳ್ಳಗಿದೆ, ಟಿ1ನಲ್ಲಿ ಕಪ್ಪಗಿದೆ: ಅದು ಹಿಂದೆಂದೋ ಆಗಿ, ಮೆದುಳು ಸವೆದುಹೋದ ಗುರುತು. ಸಣ್ಣ ಚುಕ್ಕೆಗಳು ಡಿಡಬ್ಲ್ಯೂಐನಲ್ಲಿ ಎದ್ದು ಕಾಣುವುದೇ ಇಲ್ಲ. ಅವು ವರ್ಷಗಟ್ಟಲೆ ಬಿಪಿಯಿಂದ ಸಣ್ಣ ರಕ್ತನಾಳಗಳು ಹಾಳಾಗಿ ಬಂದವು. ಒಂದೇ ತಲೆಯಲ್ಲಿ ಮೂರು ಥರದ ಬಿಳಿ, ಮೂರಕ್ಕೂ ಬೇರೆ ಬೇರೆ ವಯಸ್ಸು.

ಎಡಿಸಿಯ ಕಪ್ಪೂ ಶಾಶ್ವತವಲ್ಲ. ಸುಮಾರು ಒಂದು ವಾರದಿಂದ ಹತ್ತು ದಿನಕ್ಕೆ ಅದು ಮಾಮೂಲಿ ಮೆದುಳಿನ ಬಣ್ಣಕ್ಕೆ ಬಂದು, ಆಮೇಲೆ ಬೆಳ್ಳಗಾಗುತ್ತಾ ಹೋಗುತ್ತದೆ. ಆ ನಡುವಿನ ದಿನಗಳಲ್ಲಿ ಸ್ಕ್ಯಾನ್ ಮಾಡಿದರೆ ಎಡಿಸಿ ಒಂದನ್ನೇ ನಂಬಿ ಏನೂ ಇಲ್ಲ ಅನ್ನುವಂತಿಲ್ಲ.

ಇನ್ನು ಇಂಜೆಕ್ಷನ್ ವಿಷಯ. ಹೊಸ ಲಕ್ವ ಫ್ಲೇರ್‌ನಲ್ಲಿ ಸ್ಪಷ್ಟವಾಗಿ ಕಾಣಲು ಸಾಮಾನ್ಯವಾಗಿ ಕೆಲವು ಗಂಟೆ ಬೇಕು. ಡಿಡಬ್ಲ್ಯೂಐನಲ್ಲಿ ಇದೆ, ಫ್ಲೇರ್‌ನಲ್ಲಿ ಇನ್ನೂ ಬಂದಿಲ್ಲ ಅಂದರೆ ಶುರುವಾಗಿ ನಾಲ್ಕೂವರೆ ಗಂಟೆಯೊಳಗೆ ಇರುವ ಸಾಧ್ಯತೆ ಹೆಚ್ಚು. ಗಡಿಯಾರ ಹೇಳದ್ದನ್ನು ಎರಡು ಚಿತ್ರಗಳ ನಡುವಿನ ಈ ವ್ಯತ್ಯಾಸ ಹೇಳುತ್ತದೆ. 2018ರಲ್ಲಿ ಪ್ರಕಟವಾದ ವೇಕ್ ಅಪ್ ಅನ್ನುವ ಯುರೋಪಿನ ಅಧ್ಯಯನದಲ್ಲಿ, ಶುರುವಾದ ಹೊತ್ತು ಗೊತ್ತಿಲ್ಲದವರನ್ನು ಹೀಗೇ ಆರಿಸಿ, ಒಂದು ಗುಂಪಿಗೆ ಹೆಪ್ಪು ಕರಗಿಸುವ ಆಲ್ಟೆಪ್ಲೇಸ್ ಕೊಟ್ಟರು. 90 ದಿನಗಳ ನಂತರ ಚೆನ್ನಾಗಿ ಚೇತರಿಸಿಕೊಂಡವರು ಆ ಗುಂಪಿನಲ್ಲಿ 53.3 ಶೇಕಡಾ, ಔಷಧಿ ಸಿಗದ ಗುಂಪಿನಲ್ಲಿ 41.8 ಶೇಕಡಾ. ಔಷಧಿ ಪಡೆದವರಲ್ಲಿ ಮೆದುಳಿನ ರಕ್ತಸ್ರಾವವೂ ಹೆಚ್ಚಿತ್ತು, ಇದನ್ನು ಮುಚ್ಚಿಡಬಾರದು. ಆ ಕಾರಣಕ್ಕೇ ಇಂಜೆಕ್ಷನ್‌ಗೆ ಮೊದಲು ಇನ್ನೊಂದು ಸೀಕ್ವೆನ್ಸ್ ನೋಡುತ್ತೇವೆ, ಎಸ್‌ಡಬ್ಲ್ಯೂಐ ಅಥವಾ ಗ್ರೇಡಿಯಂಟ್ ಎಕೋ. ರಕ್ತದ ಕಬ್ಬಿಣ ಅಯಸ್ಕಾಂತದ ಬಲವನ್ನು ಅಲ್ಲಲ್ಲೇ ಕೆಡಿಸುವುದರಿಂದ ಇದರಲ್ಲಿ ರಕ್ತಸ್ರಾವ ಕಡು ಕಪ್ಪಾಗಿ ಕಾಣುತ್ತದೆ. ಸುಣ್ಣ ಕಟ್ಟಿದ ಜಾಗವೂ ಕಪ್ಪೇ. ಹಾಗಾಗಿ ಇಲ್ಲೂ ಬಣ್ಣ ನೋಡಿ ತೀರ್ಪು ಕೊಡಲಾಗದು.

ಈ ಓದಿಗೆ ಮಿತಿಗಳಿವೆ. ಫ್ಲೇರ್‌ನಲ್ಲಿ ಮಚ್ಚೆ ಬಂದಿದೆಯೋ ಇಲ್ಲವೋ ಅನ್ನುವುದರಲ್ಲೇ ಇಬ್ಬರು ವೈದ್ಯರು ಒಪ್ಪದಿರಬಹುದು, ಮಸುಕಾಗಿದ್ದರಂತೂ ಇನ್ನೂ ಕಷ್ಟ. ಮೆದುಳಿನ ಕಾಂಡದಲ್ಲಿ ಆದ ಸಣ್ಣ ಲಕ್ವ ಮೊದಲ ದಿನ ಡಿಡಬ್ಲ್ಯೂಐನಲ್ಲಿ ಕಾಣದೇ ಹೋಗಬಹುದು. ತಲೆಸುತ್ತು, ನಡೆಯುವಾಗ ಒಂದು ಕಡೆಗೆ ವಾಲುವುದು, ಎರಡೆರಡು ಕಾಣುವುದು ಇದ್ದೂ ಸ್ಕ್ಯಾನ್ ನಾರ್ಮಲ್ ಬಂದರೆ ರೋಗಿಯನ್ನು ಮನೆಗೆ ಕಳಿಸದೆ, ಒಂದೆರಡು ದಿನದಲ್ಲಿ ಮತ್ತೆ ಸ್ಕ್ಯಾನ್ ಮಾಡುವುದುಂಟು. ಇನ್ನು, ಡಿಡಬ್ಲ್ಯೂಐ ಬಿಳಿ ಮತ್ತು ಎಡಿಸಿ ಕಪ್ಪು ಅಂದರೆ ಲಕ್ವವೇ ಅಂತಲೂ ಅಲ್ಲ. ಗಟ್ಟಿ ಕೀವು ತುಂಬಿದ ಮೆದುಳಿನ ಬಾವು, ಕೋಶಗಳು ಒತ್ತೊತ್ತಾಗಿರುವ ಲಿಂಫೋಮಾ ಗಡ್ಡೆ, ಆಗಷ್ಟೇ ಬಂದುಹೋದ ದೀರ್ಘ ಫಿಟ್ಸ್ ಕೂಡ ಹಾಗೆ ಕಾಣಬಹುದು. ರಕ್ತನಾಳದ ಹರವಿಗೆ ಮಚ್ಚೆಯ ಆಕಾರ ಹೊಂದುತ್ತದೆಯೇ, ಜ್ವರ ಇದೆಯೇ, ಲಕ್ಷಣ ತಟ್ಟನೆ ಬಂತೇ, ಇವನ್ನೆಲ್ಲ ಕೇಳಿಯೇ ಹೇಳಬೇಕು.

ತಲೆನೋವಿಗೆಂದು ಸ್ಕ್ಯಾನ್ ಮಾಡಿಸಿ, ರಿಪೋರ್ಟ್‌ನಲ್ಲಿ "ಟಿ2 ಫ್ಲೇರ್ ಹೈಪರ್‌ಇಂಟೆನ್ಸ್" ಅಂತ ಓದಿ ಗಾಬರಿಯಾಗಿ ಬರುವವರು ತುಂಬಾ ಜನ. ಅದರರ್ಥ ಆ ಎರಡು ಚಿತ್ರಗಳಲ್ಲಿ ಒಂದು ಜಾಗ ಸುತ್ತಲಿಗಿಂತ ಬೆಳ್ಳಗಿದೆ ಅಂತ, ಅಷ್ಟೇ. ವಯಸ್ಸಾದವರಲ್ಲಿ, ಬಿಪಿ, ಸಕ್ಕರೆ ಕಾಯಿಲೆ, ಮೈಗ್ರೇನ್ ಇರುವವರಲ್ಲಿ ಅಂಥ ಸಣ್ಣ ಚುಕ್ಕೆಗಳು ಸಾಮಾನ್ಯ. ಆದರೆ ಚಿಕ್ಕ ವಯಸ್ಸಿನವರಲ್ಲಿ, ಕಣ್ಣು ಮಂಜಾಗಿದ್ದು ಅಥವಾ ಕೈಕಾಲು ಜೋಮು ಹಿಡಿದದ್ದು ಹಿಂದೆ ಆಗಿದ್ದರೆ, ಅವೇ ಚುಕ್ಕೆಗಳು ಎಲ್ಲೆಲ್ಲಿವೆ ಅಂತ ಹುಷಾರಾಗಿ ನೋಡಿ, ಬೇಕಾದರೆ ಗ್ಯಾಡೋಲಿನಿಯಂ ಅನ್ನುವ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟು ಟಿ1 ತೆಗೆಯಬೇಕಾಗುತ್ತದೆ. ಎರಡನೇ ಅಭಿಪ್ರಾಯಕ್ಕೆ ಹೋಗುವಾಗ ಫಿಲ್ಮ್ ಮಾತ್ರ ಒಯ್ಯಬೇಡಿ. ಅದರಲ್ಲಿ ಆರಿಸಿದ ಕೆಲವೇ ಚಿತ್ರಗಳಿರುತ್ತವೆ, ಎಷ್ಟೋ ಸಲ ಎಡಿಸಿ ಇರುವುದೇ ಇಲ್ಲ. ಸ್ಕ್ಯಾನ್ ಸೆಂಟರ್‌ನಲ್ಲಿ ಕೇಳಿ ಸಿಡಿ ತೆಗೆದುಕೊಳ್ಳಿ, ಹಳೆಯ ಸ್ಕ್ಯಾನ್ ಇದ್ದರೆ ಅದನ್ನೂ ಜೊತೆಗೆ ಕೊಡಿ.